ಸಮುದಾಯ ಭವನಕ್ಕೆ ಸೋಲಾರ್: ಶಾಲೆಯ ಮಕ್ಕಳಿಗೆ 40 ನಿಮಿಷದಲ್ಲಿ ಹೇಳಿಕೊಡುವುದು ಹೇಗೆ

ಊರಿನ ಶಾಲೆಗೆ ಬಂದು ಸೋಲಾರ್ ಬಗ್ಗೆ ನಾಲ್ಕು ಮಾತಾಡಿ ಅಂತ ಯಾರಾದರೂ ಕರೆದರೆ, ಹೆಚ್ಚಿನವರು ಸೂರ್ಯನಿಂದಲೇ ಶುರು ಮಾಡುತ್ತಾರೆ. ಸೂರ್ಯ ಎಷ್ಟು ದೂರ ಇದ್ದಾನೆ, ಕಲ್ಲಿದ್ದಲು ಯಾವಾಗ ಮುಗಿಯುತ್ತದೆ, ಪಾವಗಡದಲ್ಲಿ ಎಷ್ಟು ಸಾವಿರ ಎಕರೆಗೆ ಪ್ಯಾನಲ್ ಹಾಸಿದ್ದಾರೆ. ಹತ್ತು ನಿಮಿಷಕ್ಕೆ ಹಿಂದಿನ ಬೆಂಚು ಆಕಳಿಸಲು ಶುರು. ಮಕ್ಕಳಿಗೆ ಇದೆಲ್ಲ ಪಾಠದಲ್ಲೇ ಬಂದಿರುತ್ತದೆ.

ನೀವು ಭವನದ ಫ್ಯಾನಿನಿಂದ ಶುರು ಮಾಡಿ. ಸಂಜೆ ಟ್ಯೂಷನ್ನಿಗೆ, ಸಂಘದ ಮೀಟಿಂಗಿಗೆ, ಗಣೇಶನ ಹಬ್ಬಕ್ಕೆ ಮಕ್ಕಳು ಹೋಗಿ ಕೂರುವ ಅದೇ ಭವನ. ಅಲ್ಲಿ ಎಷ್ಟು ಫ್ಯಾನ್ ಇದೆ, ಎಷ್ಟು ಹೊತ್ತು ತಿರುಗುತ್ತದೆ ಅನ್ನುವುದರಿಂದ ಹೊರಟರೆ ಪ್ಯಾನಲ್ ಎಷ್ಟು ಬೇಕು ಅನ್ನುವ ಉತ್ತರ ಕೊನೆಯಲ್ಲಿ ತಾನಾಗಿ ಬರುತ್ತದೆ. ಏಳು, ಎಂಟು, ಒಂಬತ್ತನೇ ತರಗತಿಯ ಮಕ್ಕಳಿಗೆ ಗುಣಾಕಾರ, ಭಾಗಾಕಾರ ಬಂದರೆ ಸಾಕು. ಇಡೀ ಮಾತು ಒಂದೇ ಒಂದು ಲೆಕ್ಕ. ಅದನ್ನು ಅವರ ಕೈಯಲ್ಲೇ ಮಾಡಿಸಬೇಕು.

ಒಂದು ವಾರ ಮೊದಲು: ಮಕ್ಕಳಿಗೆ ಎರಡು ಕೆಲಸ

ಮೇಷ್ಟ್ರಿಗೆ ಮೊದಲೇ ಫೋನ್ ಮಾಡಿ, ಮಕ್ಕಳಿಗೆ ಎರಡು ಕೆಲಸ ಕೊಡಲು ಹೇಳಿ. ಒಂದು, ಭವನದಲ್ಲಿರುವ ಟ್ಯೂಬ್‌ಲೈಟ್, ಫ್ಯಾನ್, ಮೈಕ್‌ಸೆಟ್, ಮೋಟರ್ ಎಲ್ಲ ಎಣಿಸಿ ಬರೆದುಕೊಂಡು ಬರುವುದು. ಎರಡು, ಸಂಜೆ 6ರಿಂದ 9ರ ಒಳಗೆ ಕರೆಂಟ್ ಯಾವಾಗ ಹೋಯಿತು, ಯಾವಾಗ ಬಂತು ಅಂತ ಒಂದು ವಾರ ನೋಟ್‌ಬುಕ್ಕಿನಲ್ಲಿ ಬರೆಯುವುದು. ಭವನದ ಹತ್ತಿರವೇ ಮನೆ ಇರುವ ಮಕ್ಕಳಿಗೆ ಈ ಎರಡನೆಯ ಕೆಲಸ ಒಪ್ಪಿಸಿ. ಬ್ಯಾಟರಿ ಬೇಕೋ ಬೇಡವೋ ಅಂತ ತೀರ್ಮಾನವಾಗುವುದು ಈ ಪಟ್ಟಿಯಿಂದಲೇ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ನೀವೂ ಒಮ್ಮೆ ಹೋಗಿ ಭವನ ನೋಡಿ ಬನ್ನಿ. ಪಂಚಾಯಿತಿಯಲ್ಲಿ ಕೇಳಿದರೆ ಭವನದ ಹಳೆಯ ಕರೆಂಟ್ ಬಿಲ್ಲು ಸಿಗುತ್ತದೆ. ಎರಡು ಮೂರು ತಿಂಗಳದ್ದು ಇದ್ದರೆ ಒಳ್ಳೆಯದು. ಬಿಲ್ಲಿನಲ್ಲಿ ತಿಂಗಳಿಗೆ ಎಷ್ಟು ಯೂನಿಟ್ ಅಂತ ಇರುತ್ತದಲ್ಲ, ನಿಮ್ಮ ಲೆಕ್ಕ ಸರಿ ಇದೆಯಾ ಅಂತ ಕೊನೆಗೆ ಅದಕ್ಕೇ ಹಿಡಿದು ನೋಡಬಹುದು.

ಕೈಯಲ್ಲಿ ಏನೇನು ಇರಬೇಕು

20 ವ್ಯಾಟಿನ ಒಂದು ಸಣ್ಣ ಪ್ಯಾನಲ್, 12 ವೋಲ್ಟಿನ ಡಿ.ಸಿ. ಟೇಬಲ್ ಫ್ಯಾನ್, ಒಂದು ಸಾದಾ ಮಲ್ಟಿಮೀಟರ್, ಒಂದು ಮೀಟರ್ ಉದ್ದದ ನೆಟ್ಟಗಿನ ಕೋಲು. ಸೋಲಾರ್ ಅಂಗಡಿಯವರ ಪರಿಚಯ ಇದ್ದರೆ ಪ್ಯಾನಲ್ಲು, ಫ್ಯಾನು ಎರಡನ್ನೂ ಒಂದು ದಿನಕ್ಕೆ ಕೇಳಿ ತರಬಹುದು.

ಫ್ಯಾನ್ ವಿಷಯದಲ್ಲಿ ಒಂದು ಎಚ್ಚರ. ಕಂಪ್ಯೂಟರಿನ ಒಳಗೆ ಇರುವ ಪುಟ್ಟ ಫ್ಯಾನ್ ತಂದು ನೇರವಾಗಿ ಪ್ಯಾನಲ್ಲಿಗೆ ಕಟ್ಟಬೇಡಿ. ಅದರ ಮೇಲೂ 12 ವೋಲ್ಟ್ ಅಂತಲೇ ಬರೆದಿರುತ್ತದೆ, ನಿಜ. ಆದರೆ '12 ವೋಲ್ಟಿನ' ಪ್ಯಾನಲ್ ಅಂತ ಮಾರುವುದು 12 ವೋಲ್ಟಿನ ಬ್ಯಾಟರಿ ಚಾರ್ಜ್ ಮಾಡುವ ಪ್ಯಾನಲ್ಲು. ಅದರಲ್ಲಿ 36 ಸೆಲ್‌ಗಳು ಸಾಲಾಗಿ ಇರುತ್ತವೆ. ಮೇಲೆ ಹೆಚ್ಚು ಲೋಡ್ ಇಲ್ಲದಿದ್ದರೆ ಬಿಸಿಲಲ್ಲಿ 20 ವೋಲ್ಟ್ ತನಕ ಬರುತ್ತದೆ. ಪುಟ್ಟ ಫ್ಯಾನ್ ಸುಟ್ಟುಹೋಗಬಹುದು. ಬ್ರಷ್ ಮೋಟರ್ ಇರುವ ಟೇಬಲ್ ಫ್ಯಾನ್ ಸಾಕಷ್ಟು ಕರೆಂಟ್ ಎಳೆಯುತ್ತದೆ, ಆಗ ವೋಲ್ಟೇಜ್ ತಾನಾಗಿ ಇಳಿಯುತ್ತದೆ. ಹಿಂದಿನ ದಿನವೇ ನಿಮ್ಮ ಮನೆಯ ಅಂಗಳದಲ್ಲಿ ಒಮ್ಮೆ ತಿರುಗಿಸಿ ನೋಡಿಕೊಳ್ಳಿ.

ಮಾತಿಗೆ ಬೆಳಿಗ್ಗೆ 11ರ ಹೊತ್ತು ಒಳ್ಳೆಯದು, ಜಾಗ ಭವನದ ಒಳಗೇ ಇರಲಿ. ಬಿಸಿಲು ಚೆನ್ನಾಗಿರುತ್ತದೆ, ಬಾಗಿಲಾಚೆ ಅಂಗಳವೂ ಇರುತ್ತದೆ. ಮೋಡದ ದಿನವಾದರೆ ಮುಂದಕ್ಕೆ ಹಾಕಿ. ಫ್ಯಾನ್ ತಿರುಗದಿದ್ದರೆ ನಿಮ್ಮ ಮಾತು ಯಾರಿಗೂ ನೆನಪಿರುವುದಿಲ್ಲ, ಫ್ಯಾನ್ ತಿರುಗಲಿಲ್ಲ ಅನ್ನುವುದು ಮಾತ್ರ ಊರೆಲ್ಲ ಗೊತ್ತಾಗುತ್ತದೆ.

ಮೊದಲ 15 ನಿಮಿಷ: ಫ್ಯಾನ್ ಲೆಕ್ಕ

ಮಕ್ಕಳು ತಂದ ಪಟ್ಟಿಯನ್ನು ಬೋರ್ಡಿನ ಮೇಲೆ ಬರೆಸಿ. ನಿಮ್ಮ ಊರಿನ ಸಂಖ್ಯೆ ಬೇರೆ ಇರಬಹುದು. ಇಲ್ಲಿ ಉದಾಹರಣೆಗೆ ಸಾಧಾರಣ ಗಾತ್ರದ ಒಂದು ಭವನ ತೆಗೆದುಕೊಳ್ಳೋಣ: 20 ವ್ಯಾಟಿನ ಎಲ್‌ಇಡಿ ಟ್ಯೂಬ್‌ಲೈಟ್ 8, ಹಳೆಯ ಸೀಲಿಂಗ್ ಫ್ಯಾನ್ 6, ಒಂದು ಮೈಕ್‌ಸೆಟ್. ಸಂಜೆ 6ರಿಂದ 9ರ ತನಕ 3 ಗಂಟೆ ಲೈಟು, ಫ್ಯಾನು ಓಡುತ್ತವೆ. ಮೈಕ್ ಒಂದು ಗಂಟೆ.

ಮೊದಲು ವ್ಯಾಟ್ ಅಂದರೇನು, ಯೂನಿಟ್ ಅಂದರೇನು ಅಂತ ಹೇಳಿ. ಇಲ್ಲಿ ಎಷ್ಟು ಸರಳವಾದರೆ ಅಷ್ಟು ಒಳ್ಳೆಯದು. ಒಂದು ವಸ್ತು ಎಷ್ಟು ಜೋರಾಗಿ ಕರೆಂಟ್ ತಿನ್ನುತ್ತದೆ ಅನ್ನುವುದು ವ್ಯಾಟ್. ಅದನ್ನು ಗಂಟೆಯಿಂದ ಗುಣಿಸಿದರೆ ಒಟ್ಟು ಎಷ್ಟು ತಿಂದಿತು ಅಂತ ಗೊತ್ತಾಗುತ್ತದೆ. ಸಾವಿರ ವ್ಯಾಟ್-ಗಂಟೆ ಆದರೆ ಬಿಲ್ಲಿನ ಒಂದು ಯೂನಿಟ್. ಹಳೆಯ ಸೀಲಿಂಗ್ ಫ್ಯಾನ್ ಸುಮಾರು 75 ವ್ಯಾಟ್ ತಿನ್ನುತ್ತದೆ, ಅಂದರೆ 13 ಗಂಟೆ ತಿರುಗಿದರೆ ಸರಿಸುಮಾರು ಒಂದು ಯೂನಿಟ್ ಆಯಿತು.

ಈಗ ಮಕ್ಕಳಿಗೆ ಲೆಕ್ಕ ಬಿಡಿ. ಟ್ಯೂಬ್‌ಲೈಟ್: 8 × 20 × 3 = 480. ಫ್ಯಾನ್: 6 × 75 × 3 = 1350. ಮೈಕ್‌ಸೆಟ್ಟಿಗೆ 100 ವ್ಯಾಟ್ ಹಿಡಿದರೆ ಒಂದು ಗಂಟೆಗೆ 100. ಒಟ್ಟು 1930 ವ್ಯಾಟ್-ಗಂಟೆ. ದಿನಕ್ಕೆ ಹತ್ತಿರ ಹತ್ತಿರ 2 ಯೂನಿಟ್.

ಇಲ್ಲಿ ಸ್ವಲ್ಪ ನಿಲ್ಲಿ. "ಇದರಲ್ಲಿ ಜಾಸ್ತಿ ತಿನ್ನುತ್ತಿರುವುದು ಯಾವುದು?" ಅಂತ ಕೇಳಿ. ಲೈಟು ಅಂತ ಹೇಳುವವರೇ ಹೆಚ್ಚು, ಯಾಕೆಂದರೆ ಕಣ್ಣಿಗೆ ಕಾಣುವುದು ಲೈಟು. ಬೋರ್ಡಿನ ಮೇಲೆ ಮಾತ್ರ ಫ್ಯಾನಿನದೇ 1350. ಮೂರರಲ್ಲಿ ಎರಡು ಪಾಲು ಫ್ಯಾನೇ ನುಂಗುತ್ತಿದೆ.

ಆಮೇಲೆ ಕೇಳಿ: "ಈ ಆರು ಫ್ಯಾನ್ ತೆಗೆದು ಬಿ.ಎಲ್.ಡಿ.ಸಿ. ಫ್ಯಾನ್ ಹಾಕಿದರೆ?" ಈಗ ಅಂಗಡಿಗಳಲ್ಲಿ ಸಿಗುವ, ರಿಮೋಟಿನಲ್ಲಿ ನಡೆಯುವ ಫ್ಯಾನು ಅದು. ಅಷ್ಟೇ ಗಾಳಿಗೆ ಸುಮಾರು 30 ವ್ಯಾಟ್ ಸಾಕು. 6 × 30 × 3 = 540. ಒಟ್ಟು ಈಗ 480 + 540 + 100 = 1120. ಒಂದೂ ಪ್ಯಾನಲ್ ಕೊಳ್ಳದೆ 810 ವ್ಯಾಟ್-ಗಂಟೆ ಉಳಿಯಿತು. ಈ 1930, 1120 ಎರಡನ್ನೂ ಬೋರ್ಡಿನ ಎರಡು ಬದಿಗೆ ದೊಡ್ಡದಾಗಿ ಬರೆದು ಅಲ್ಲೇ ಇರಲು ಬಿಡಿ. ಕೊನೆಯ ತನಕ ಇವೆರಡರ ಪಂದ್ಯವೇ ನಡೆಯುವುದು. ಸೋಲಾರ್ ಹಾಕಿಸುವವರು ಅನೇಕರು ಈ ಹೆಜ್ಜೆಯನ್ನೇ ಬಿಟ್ಟು ನೇರ ಪ್ಯಾನಲ್ ಅಂಗಡಿಗೆ ಹೋಗುತ್ತಾರೆ. ದುಡ್ಡು ಸುಮ್ನೆ ಹೋಗುವುದು ಅಲ್ಲೇ.

ಒಬ್ಬ ಹುಡುಗ ಖಂಡಿತ ಕೇಳುತ್ತಾನೆ, "ನಮ್ಮನೇಲಿ ಕರೆಂಟ್ ಫ್ರೀ ಅಲ್ವಾ ಸಾರ್, ಭವನಕ್ಕೆ ಯಾಕೆ ಬಿಲ್ಲು?" ಅಂತ. ಗೃಹಜ್ಯೋತಿ ಮನೆಗಳಿಗೆ ಮಾಡಿದ್ದು, ಭವನ ಮನೆ ಅಲ್ಲ ಅಂತ ಹೇಳಿ ಮುಂದೆ ಹೋಗಿ.

ಮುಂದಿನ 10 ನಿಮಿಷ: ಎಲ್ಲರೂ ಅಂಗಳಕ್ಕೆ

ಪ್ಯಾನಲ್ಲಿಗೆ ಫ್ಯಾನ್ ಕಟ್ಟಿ ಬಿಸಿಲಿಗೆ ಹಿಡಿಯಿರಿ. ತಿರುಗುತ್ತದೆ. ಪ್ಯಾನಲ್ಲನ್ನು ಸೂರ್ಯನ ಕಡೆಗೆ ತಿರುಗಿಸಿದರೆ ಜೋರಾಗುತ್ತದೆ, ಓರೆ ಮಾಡಿದರೆ ನಿಧಾನವಾಗುತ್ತದೆ. ಒಬ್ಬೊಬ್ಬರ ಕೈಗೂ ಕೊಟ್ಟು ತಾವೇ ಹಿಡಿದು ನೋಡಲಿ ಅಂತ ಬಿಡಿ.

ಒಳಗೆ ಏನಾಗುತ್ತದೆ ಅನ್ನುವುದನ್ನು ಎರಡು ನಿಮಿಷದಲ್ಲಿ ಮುಗಿಸಿ. ಪ್ಯಾನಲ್ಲಿನಲ್ಲಿ ಕಾಣುವ ಕಪ್ಪು ಅಥವಾ ನೀಲಿ ಚೌಕಗಳು ಸಿಲಿಕಾನ್ ಸೆಲ್‌ಗಳು. ಸಿಲಿಕಾನ್ ಸಿಗುವುದು ಮರಳಿನ ಜಾತಿಯ ಕಲ್ಲಿನಿಂದ. ಬೆಳಕು ಬಿದ್ದಾಗ ಸೆಲ್ಲಿನ ಒಳಗಿನ ಎಲೆಕ್ಟ್ರಾನುಗಳು ಬಿಡುಗಡೆಯಾಗಿ ಒಂದೇ ಕಡೆಗೆ ನೂಕಿಸಿಕೊಳ್ಳುತ್ತವೆ. ತಂತಿಯ ದಾರಿ ಸಿಕ್ಕಿದರೆ ಅವು ಫ್ಯಾನಿನ ಮೂಲಕ ಸುತ್ತು ಹಾಕಿ ವಾಪಸ್ ಬರುತ್ತವೆ. ಒಂದೊಂದು ಸೆಲ್ ಕೊಡುವುದು ಅರ್ಧ ವೋಲ್ಟಿಗಿಂತ ಸ್ವಲ್ಪ ಹೆಚ್ಚು ಅಷ್ಟೆ. ಅದಕ್ಕೇ 36ನ್ನು ಸಾಲಾಗಿ ಜೋಡಿಸುತ್ತಾರೆ.

ಒಂದು ತಪ್ಪು ಕಲ್ಪನೆ ಮಾತ್ರ ಇಲ್ಲೇ ಹೋಗಬೇಕು. ಮಹಡಿಯ ಮೇಲೆ ನೀರು ಕಾಯಿಸುವ ಸೋಲಾರ್ ಹೀಟರ್ ನೋಡಿದ ಮಕ್ಕಳು ಬಿಸಿಲಿನ ಕಾವಿನಿಂದಲೇ ಕರೆಂಟ್ ಬರುತ್ತದೆ ಅಂದುಕೊಂಡಿರುತ್ತಾರೆ. ಹೀಟರಿಗೆ ಬೇಕಾದದ್ದು ಕಾವು, ಪ್ಯಾನಲ್ಲಿಗೆ ಬೇಕಾದದ್ದು ಬೆಳಕು. ಕಾವು ಪ್ಯಾನಲ್ಲಿಗೆ ಶತ್ರು. ಪ್ಯಾನಲ್ಲಿನ ಹಿಂದೆ ಬರೆದಿರುವ ವ್ಯಾಟ್ 25 ಡಿಗ್ರಿಯಲ್ಲಿ ಅಳೆದದ್ದು. ಅದಕ್ಕಿಂತ ಬಿಸಿಯಾದ ಒಂದೊಂದು ಡಿಗ್ರಿಗೂ ನೂರಕ್ಕೆ 0.4ರಷ್ಟು ಕಡಿಮೆಯಾಗುತ್ತದೆ. ಏಪ್ರಿಲ್ ಮಧ್ಯಾಹ್ನ ಪ್ಯಾನಲ್ 65 ಡಿಗ್ರಿ ಮುಟ್ಟಿತು ಅಂದುಕೊಳ್ಳಿ. 40 ಡಿಗ್ರಿ ಜಾಸ್ತಿ, ಅಂದರೆ ನೂರು ವ್ಯಾಟಿನ ಪ್ಯಾನಲ್ 84 ವ್ಯಾಟಿಗೆ ಇಳಿಯಿತು. ಹಾಗಾಗಿ ಚಾವಣಿಯ ಮೇಲೆ ಪ್ಯಾನಲ್ಲನ್ನು ನೆಲಕ್ಕೆ ಅಂಟಿಸಿದಂತೆ ಮಲಗಿಸುವುದಿಲ್ಲ, ಕೆಳಗೆ ಗಾಳಿ ಆಡುವಂತೆ ಸ್ಟ್ಯಾಂಡ್ ಮೇಲೆ ಎತ್ತಿ ಕೂರಿಸುತ್ತಾರೆ.

ಈಗ ನೆರಳಿನ ಆಟ. ಫ್ಯಾನ್ ಜೋರಾಗಿ ತಿರುಗುತ್ತಿರುವಾಗ ಒಬ್ಬಳನ್ನು ಕರೆದು ನೋಟ್‌ಬುಕ್ಕಿನಿಂದ ಕೆಳಗಿನ ಒಂದು ಸಾಲು ಸೆಲ್ ಮುಚ್ಚಲು ಹೇಳಿ. "ಕಾಲು ಭಾಗಾನೂ ಮುಚ್ಚಿಲ್ಲ, ಫ್ಯಾನ್ ಎಷ್ಟು ನಿಧಾನ ಆಗಬಹುದು?" ಅಂತ ಮೊದಲೇ ಕೇಳಿಟ್ಟುಕೊಳ್ಳಿ. ಸ್ವಲ್ಪ ಅಂತಾರೆ. ನೋಟ್‌ಬುಕ್ ಇಟ್ಟ ಕೂಡಲೇ ಫ್ಯಾನ್ ನಿಂತೇಹೋಗುತ್ತದೆ, ಇಲ್ಲವೇ ತೆವಳುತ್ತದೆ. ಸೆಲ್‌ಗಳು ಒಂದರ ಹಿಂದೆ ಒಂದು ಇರುವುದರಿಂದ ಕರೆಂಟ್ ಎಲ್ಲದರ ಮೂಲಕವೂ ಹಾದು ಬರಬೇಕು. ಇಕ್ಕಟ್ಟಿನ ಓಣಿಯಲ್ಲಿ ಮುಂದಿನ ಗಾಡಿ ನಿಂತರೆ ಹಿಂದಿನ ಗಾಡಿಗಳೆಲ್ಲ ನಿಲ್ಲುತ್ತವಲ್ಲ, ಹಾಗೆ. ದೊಡ್ಡ ಪ್ಯಾನಲ್ಲುಗಳಲ್ಲಿ ನೆರಳು ಬಿದ್ದ ಭಾಗವನ್ನು ಬದಿಗೆ ಬಿಟ್ಟು ಕರೆಂಟ್ ಹಾದುಹೋಗಲು ಡಯೋಡ್ ಇರುತ್ತದೆ. ಆದರೂ ಮೂರನೇ ಒಂದು ಭಾಗ ಹೋದಂತೆಯೇ.

ಇದೇ ಹೊತ್ತಿಗೆ ಮಲ್ಟಿಮೀಟರ್ ತೆಗೆಯಿರಿ. ಫ್ಯಾನ್ ಬಿಚ್ಚಿ, ಬರೀ ಪ್ಯಾನಲ್ಲಿನ ವೋಲ್ಟೇಜ್ ನೋಡಿಸಿ: ಸುಮಾರು 20. ಒಂದು ಸೆಲ್ ಮೇಲೆ ಕೈ ಇಟ್ಟು ಮತ್ತೆ ನೋಡಿಸಿ. ಹೆಚ್ಚೇನೂ ಇಳಿದಿರುವುದಿಲ್ಲ. ಮಕ್ಕಳಿಗೆ ಗೊಂದಲವಾಗುತ್ತದೆ, ಆಗಲಿ. ಏನೂ ಕೆಲಸ ಮಾಡದೆ ಸುಮ್ನೆ ಕೂತ ಪ್ಯಾನಲ್ ವೋಲ್ಟೇಜ್ ತೋರಿಸುತ್ತದೆ. ಅದಕ್ಕೆ ಎಷ್ಟು ತಾಕತ್ತಿದೆ ಅನ್ನುವುದು ಫ್ಯಾನ್ ಕಟ್ಟಿದಾಗಲೇ ಗೊತ್ತು. ಮುಂದೆ ಯಾರಾದರೂ ಭವನಕ್ಕೆ ಪ್ಯಾನಲ್ ಹಾಕಿ, ಮೀಟರ್ ಹಿಡಿದು "ನೋಡಿ, ವೋಲ್ಟೇಜ್ ಬರ್ತಿದೆ, ಎಲ್ಲ ಸರಿ ಇದೆ" ಅಂದರೆ, "ಲೋಡ್ ಹಾಕಿ ತೋರಿಸಿ" ಅಂತ ಕೇಳುವುದು ಈ ಮಕ್ಕಳಿಗೆ ಗೊತ್ತಿರುತ್ತದೆ.

ಒಳಗೆ ವಾಪಸ್: ಎಷ್ಟು ಪ್ಯಾನಲ್?

ನಮ್ಮ ಒಳನಾಡಿನಲ್ಲಿ ಹಗಲು 12 ಗಂಟೆ ಇದ್ದರೂ ಪೂರ್ತಿ ತೀವ್ರತೆಯ ಬಿಸಿಲು ಅಂತ ಲೆಕ್ಕಕ್ಕೆ ಸಿಗುವುದು ವರ್ಷದ ಸರಾಸರಿಯಲ್ಲಿ ದಿನಕ್ಕೆ 5 ಗಂಟೆ ಆಸುಪಾಸು. ಬೆಳಿಗ್ಗೆ, ಸಂಜೆಯ ಎಳೆಬಿಸಿಲನ್ನೆಲ್ಲ ಒಟ್ಟುಗೂಡಿಸಿದರೆ ಬರುವ ಸಂಖ್ಯೆ ಅದು. ಮೋಡದ ತಿಂಗಳೂ ಸೇರಿ ಕೈ ಹಿಡಿಯಲಿ ಅಂತ ನಾವು 4 ಗಂಟೆ ಹಿಡಿಯೋಣ. ಇನ್ನು ಧೂಳು, ಕಾವು, ತಂತಿ, ಬ್ಯಾಟರಿ, ಇನ್ವರ್ಟರ್ ಎಲ್ಲ ಸೇರಿ ದಾರಿಯಲ್ಲಿ ನೂರಕ್ಕೆ 30ರಷ್ಟು ಸೋರಿಹೋಗುತ್ತದೆ. ಹತ್ತಿರ ಹತ್ತಿರ 70 ಮಾತ್ರ ಲೈಟಿಗೆ, ಫ್ಯಾನಿಗೆ ಮುಟ್ಟುವುದು.

ಹಾಗಾಗಿ ಬೇಕಾದದ್ದನ್ನು 0.7ರಿಂದ ಭಾಗಿಸಿ, ಆಮೇಲೆ 4ರಿಂದ ಭಾಗಿಸಿ. ಹೊಸ ಫ್ಯಾನಿನ ಲೆಕ್ಕ: 1120 ÷ 0.7 = 1600, ಅದನ್ನು 4ರಿಂದ ಭಾಗಿಸಿದರೆ 400 ವ್ಯಾಟ್. ನೂರು ವ್ಯಾಟಿನ 4 ಪ್ಯಾನಲ್. ಹಳೆಯ ಫ್ಯಾನಿನ ಲೆಕ್ಕ: 1930 ÷ 0.7 ÷ 4, ಸುಮಾರು 690. ಅಂದರೆ 7 ಪ್ಯಾನಲ್.

"ಮಳೆಗಾಲದಲ್ಲಿ ಏನ್ಮಾಡೋದು ಮಿಸ್?" ಅನ್ನುವ ಪ್ರಶ್ನೆ ಇಲ್ಲಿ ಬಂದೇ ಬರುತ್ತದೆ. ಜುಲೈನಲ್ಲಿ ಬಿಸಿಲು 3 ಗಂಟೆಗೆ ಇಳಿಯಿತು ಅಂದುಕೊಳ್ಳಿ. 400 × 3 × 0.7 = 840. ನಮಗೆ ಬೇಕಾದ 1120ಕ್ಕೆ ಸಾಲದು. ಆದರೆ ಜುಲೈ ಸಂಜೆ ಜಿಟಿಜಿಟಿ ಮಳೆಯಲ್ಲಿ ಆರು ಫ್ಯಾನ್ ಯಾರಿಗೆ ಬೇಕು? ಲೈಟು, ಮೈಕು ಸೇರಿ 580 ಮಾತ್ರ. ಬಯಲುಸೀಮೆಯಲ್ಲಿ ಹೀಗೆ ದಾಟಿಕೊಂಡು ಹೋಗುತ್ತದೆ. ಮಲೆನಾಡು, ಕರಾವಳಿಯಲ್ಲಿ ವಾರಗಟ್ಟಲೆ ಸೂರ್ಯ ಕಾಣದ ದಿನಗಳಿರುತ್ತವೆ. ಅಲ್ಲಿ ಈ ಲೆಕ್ಕ ನಂಬಿ ಕಂಬದ ಕರೆಂಟ್ ಕಡಿಸಬೇಡಿ, ಎರಡೂ ಇರಬೇಕು.

ರಾತ್ರಿಯ ಪ್ರಶ್ನೆ

ಇಷ್ಟು ಹೊತ್ತಿಗೆ ಚುರುಕಾದ ಒಂದು ಮಗು ಸಿಕ್ಕಿಸುತ್ತದೆ: ಭವನ ನಡೆಯುವುದು ಸಂಜೆ 6ರ ಮೇಲೆ, ಸೂರ್ಯ ಇರುವುದು ಹಗಲು, ಅದು ಹೇಗೆ? ಯಾರೂ ಕೇಳದಿದ್ದರೆ ನೀವೇ ಕೇಳಿ. ಇಡೀ ಯೋಜನೆಯ ಖರ್ಚು ತೀರ್ಮಾನವಾಗುವುದು ಇಲ್ಲಿ.

ದಾರಿ ಎರಡು. ಮೊದಲನೆಯದು ಆನ್‌ಗ್ರಿಡ್. ಹಗಲು ಪ್ಯಾನಲ್ ಮಾಡಿದ ಕರೆಂಟ್ ಕಂಬಕ್ಕೆ ಹೋಗುತ್ತದೆ, ಸಂಜೆ ಕಂಬದಿಂದ ವಾಪಸ್ ತೆಗೆದುಕೊಳ್ಳುತ್ತೀರಿ. ಹೋದದ್ದು, ಬಂದದ್ದು ಎರಡನ್ನೂ ಎಣಿಸುವ ಮೀಟರ್ ಕೂರಿಸುತ್ತಾರೆ. ಬ್ಯಾಟರಿ ಖರ್ಚೇ ಇಲ್ಲ. ಆದರೆ ಒಂದು ಸಂಗತಿ ತುಂಬಾ ಜನರಿಗೆ ಗೊತ್ತಿರುವುದಿಲ್ಲ. ಕಂಬದ ಕರೆಂಟ್ ಹೋದರೆ ಈ ಸೋಲಾರೂ ನಿಲ್ಲುತ್ತದೆ, ಮಟಮಟ ಮಧ್ಯಾಹ್ನವಾದರೂ ಸರಿ. ಬೇಕಂತಲೇ ಹಾಗೆ ಮಾಡಿರುತ್ತಾರೆ. ಲೈನ್ ಆಫ್ ಆಗಿದೆ ಅಂತ ನಂಬಿ ಲೈನ್‌ಮನ್ ಕಂಬ ಹತ್ತಿರುವಾಗ ನಮ್ಮ ಚಾವಣಿಯಿಂದ ಕರೆಂಟ್ ಹರಿದರೆ ಅವರ ಜೀವಕ್ಕೇ ಅಪಾಯ.

ಎರಡನೆಯದು ಬ್ಯಾಟರಿ. ಈಗ ಮಕ್ಕಳು ವಾರವಿಡೀ ಬರೆದ ನೋಟ್‌ಬುಕ್ ತೆಗೆಸಿ. ಸಂಜೆ 6ರಿಂದ 9ರ ಒಳಗೆ ಕರೆಂಟ್ ಹೋದದ್ದೇ ಅಪರೂಪವಾದರೆ ಆನ್‌ಗ್ರಿಡ್ ಅಗ್ಗ, ಅದೇ ಸರಿ. ವಾರಕ್ಕೆ ನಾಲ್ಕು ಸಲ ಹೋಗಿ ಟ್ಯೂಷನ್ ನಿಂತಿದ್ದರೆ ಬ್ಯಾಟರಿ ಬೇಕು. ಎರಡೂ ಕೆಲಸ ಮಾಡುವ ಹೈಬ್ರಿಡ್ ಇನ್ವರ್ಟರುಗಳೂ ಇವೆ, ಬೆಲೆ ಜಾಸ್ತಿ.

ಬ್ಯಾಟರಿ ಲೆಕ್ಕವನ್ನೂ ಮಾಡಿಸಿ. ಮನೆಯ ಇನ್ವರ್ಟರಿಗೆ ಇಡುವ 12 ವೋಲ್ಟ್, 150 ಆಂಪಿಯರ್-ಗಂಟೆಯ ಬ್ಯಾಟರಿ ಎಲ್ಲರೂ ನೋಡಿರುತ್ತಾರೆ. 12 × 150 = 1800 ವ್ಯಾಟ್-ಗಂಟೆ. ಆದರೆ ಲೆಡ್ ಬ್ಯಾಟರಿಯನ್ನು ದಿನಾ ಪೂರ್ತಿ ಖಾಲಿ ಮಾಡಿದರೆ ಬೇಗ ಸಾಯುತ್ತದೆ. ಅರ್ಧ ಮಾತ್ರ ಬಳಸಬೇಕು, ಅಂದರೆ 900. ಹೊಸ ಫ್ಯಾನಿನ 1120ಕ್ಕೆ ಇನ್ವರ್ಟರಿನ ಸೋರಿಕೆ ಸೇರಿಸಿದರೆ ಬ್ಯಾಟರಿಯಿಂದ 1300 ತೆಗೆಯಬೇಕು. ಎರಡು ಬ್ಯಾಟರಿ ಸಾಕು, ಸ್ವಲ್ಪ ಮಿಗುತ್ತದೆ ಕೂಡ. ಹಳೆಯ ಫ್ಯಾನಿನ ಲೆಕ್ಕದಲ್ಲಿ 2250 ಬೇಕು. ಮೂರು ಬ್ಯಾಟರಿ ಅನ್ನಿಸುತ್ತದೆ. ಆದರೆ 24 ವೋಲ್ಟಿನ ಇನ್ವರ್ಟರಿಗೆ ಬ್ಯಾಟರಿಗಳನ್ನು ಜೋಡಿ ಜೋಡಿಯಾಗಿ ಕಟ್ಟಬೇಕು, ಆದ್ದರಿಂದ ನಾಲ್ಕು.

ಈಗ ಬೋರ್ಡ್ ನೋಡಿಸಿ. ಎಡಕ್ಕೆ ಹಳೆಯ ಫ್ಯಾನ್: 7 ಪ್ಯಾನಲ್, 4 ಬ್ಯಾಟರಿ. ಬಲಕ್ಕೆ ಹೊಸ ಫ್ಯಾನ್: 4 ಪ್ಯಾನಲ್, 2 ಬ್ಯಾಟರಿ. ಇದರಲ್ಲಿ ಪ್ಯಾನಲ್ಲಿಗಿಂತ ಬ್ಯಾಟರಿ ಉಳಿದದ್ದೇ ದೊಡ್ಡ ಲಾಭ. ಪ್ಯಾನಲ್ ಸಾಮಾನ್ಯವಾಗಿ 25 ವರ್ಷ ಬಾಳುತ್ತದೆ. ಲೆಡ್ ಬ್ಯಾಟರಿಯನ್ನು ಚೆನ್ನಾಗಿ ನೋಡಿಕೊಂಡರೂ ನಾಲ್ಕೈದು ವರ್ಷಕ್ಕೆ ಬದಲಿಸಬೇಕು. ಅಂದರೆ ಆ ಎರಡು ಬ್ಯಾಟರಿಯ ಖರ್ಚು ಮತ್ತೆ ಮತ್ತೆ ಬರುತ್ತಲೇ ಇರುತ್ತಿತ್ತು. ಲಿಥಿಯಂ ಬ್ಯಾಟರಿ ಇನ್ನೂ ಹೆಚ್ಚು ವರ್ಷ ಬರುತ್ತದೆ, ಅರ್ಧಕ್ಕಿಂತ ಜಾಸ್ತಿ ಬಳಸಬಹುದು, ಆದರೆ ಮೊದಲ ಖರ್ಚು ಹೆಚ್ಚು.

ಕೋಲಿನ ನೆರಳು

ಪ್ಯಾನಲ್ ಎಲ್ಲಿ, ಯಾವ ಕಡೆಗೆ ಅನ್ನುವುದನ್ನು ತೋರಿಸಲು ಮಕ್ಕಳನ್ನು ಚಾವಣಿಗೆ ಹತ್ತಿಸಬೇಡಿ. ಎಷ್ಟೋ ಭವನಗಳ ಚಾವಣಿಗೆ ಪ್ಯಾರಾಪೆಟ್ ಇರುವುದಿಲ್ಲ. ಅಂಗಳದಲ್ಲಿ ಒಂದು ಮೀಟರಿನ ಕೋಲು ನೆಟ್ಟಗೆ ನಿಲ್ಲಿಸಿ, ನೆರಳನ್ನು ಸೀಮೆಸುಣ್ಣದಲ್ಲಿ ಗುರುತು ಮಾಡಿಸಿದರೆ ಸಾಕು.

ನಮ್ಮ ನಾಡಿನ ವಿಶೇಷ ಏನೆಂದರೆ, ಸೂರ್ಯ ವರ್ಷದಲ್ಲಿ ಎರಡು ಸಲ ನಮ್ಮ ನೆತ್ತಿಯ ಮೇಲೇ ಹಾದುಹೋಗುತ್ತಾನೆ. ಬೆಂಗಳೂರಿನಲ್ಲಿ ಏಪ್ರಿಲ್ 24ರ ಸುಮಾರಿಗೆ ಒಮ್ಮೆ, ಆಗಸ್ಟ್ 18ರ ಸುಮಾರಿಗೆ ಇನ್ನೊಮ್ಮೆ. ಆ ಮಧ್ಯಾಹ್ನ ನೆಟ್ಟಗಿನ ಕೋಲಿಗೆ ನೆರಳೇ ಇರುವುದಿಲ್ಲ. ಆ ಎರಡು ದಿನಗಳ ನಡುವೆ ಮಧ್ಯಾಹ್ನದ ಸೂರ್ಯ ನಮಗಿಂತ ಉತ್ತರಕ್ಕೆ ಇರುತ್ತಾನೆ, ಕೋಲಿನ ನೆರಳು ದಕ್ಷಿಣಕ್ಕೆ ಬೀಳುತ್ತದೆ. ಉಳಿದ ತಿಂಗಳಲ್ಲಿ ಸೂರ್ಯ ದಕ್ಷಿಣಕ್ಕೆ. ಡಿಸೆಂಬರ್ ಕೊನೆಯ ಮಧ್ಯಾಹ್ನ ಒಂದು ಮೀಟರ್ ಕೋಲಿನ ನೆರಳು ಉತ್ತರಕ್ಕೆ ಮುಕ್ಕಾಲು ಮೀಟರ್ ಇರುತ್ತದೆ.

ಹಾಗಾದರೆ ಪ್ಯಾನಲ್ ಯಾವ ಕಡೆ ನೋಡಬೇಕು? ಮಕ್ಕಳೇ ಯೋಚಿಸಲಿ. ಸೂರ್ಯ ಉತ್ತರಕ್ಕಿರುವ ತಿಂಗಳುಗಳಲ್ಲಿ ಜೂನ್, ಜುಲೈನ ಮೋಡವೇ ಹೆಚ್ಚು. ಒಳ್ಳೆಯ ನಿರ್ಮಲ ಬಿಸಿಲು ಸಿಗುವ ನವೆಂಬರಿನಿಂದ ಮಾರ್ಚ್ ತನಕ ಸೂರ್ಯ ದಕ್ಷಿಣಕ್ಕಿರುತ್ತಾನೆ. ಅದಕ್ಕೇ ದಕ್ಷಿಣಕ್ಕೆ ಮುಖ ಮಾಡಿ, ಸುಮಾರು 15 ಡಿಗ್ರಿ ಓರೆಯಾಗಿ ಕೂರಿಸುತ್ತಾರೆ. ಅಷ್ಟು ಓರೆ ಇದ್ದರೆ ಮಳೆ ಬಂದಾಗ ಧೂಳೂ ತೊಳೆದುಹೋಗುತ್ತದೆ.

ಇದೇ ಕೋಲಿನಿಂದ ಬೆಳಿಗ್ಗೆ 9ಕ್ಕೆ, ಮಧ್ಯಾಹ್ನ 3ಕ್ಕೆ ಅಳತೆ ಮಾಡಿಸಿ. ಡಿಸೆಂಬರಿನಲ್ಲಿ ಬೆಳಿಗ್ಗೆ 9ಕ್ಕೆ ನೆರಳು ಎತ್ತರದ ಒಂದೂವರೆ ಪಟ್ಟು ದಾಟಿರುತ್ತದೆ. ಚಾವಣಿಗಿಂತ 6 ಮೀಟರ್ ಮೇಲೆ ನಿಂತ ತೆಂಗಿನ ಮರದ ನೆರಳು ಚಾವಣಿಯ ಮೇಲೆ 9 ಮೀಟರಿಗಿಂತ ದೂರ ಹೋಗುತ್ತದೆ ಅಂತ ಆಯಿತು. ನೋಟ್‌ಬುಕ್ಕಿನ ಆಟ ನೋಡಿದ ಮೇಲೆ ತೆಂಗಿನ ಗರಿಯ ತೆಳ್ಳನೆ ನೆರಳಿಗೂ ಯಾಕೆ ಹೆದರಬೇಕು ಅಂತ ಮತ್ತೆ ವಿವರಿಸಬೇಕಿಲ್ಲ. ನೀರಿನ ಟ್ಯಾಂಕನ್ನು ಪ್ಯಾನಲ್ಲಿನ ಉತ್ತರಕ್ಕೆ ಇಡಿಸಿ.

ಕೇಳುವ ಪ್ರಶ್ನೆಗಳು

"ಮದುವೆಗೆ ಸಾಕಾಗುತ್ತಾ?" ಸಾಕಾಗುವುದಿಲ್ಲ ಅಂತ ನೇರವಾಗಿ ಹೇಳಿ. ನಾವು ಲೆಕ್ಕ ಹಾಕಿದ ಲೋಡ್ ಎಲ್ಲ ಸೇರಿ 440 ವ್ಯಾಟ್. ಸೀರಿಯಲ್ ಸೆಟ್, ದೊಡ್ಡ ಸೌಂಡ್ ಬಾಕ್ಸ್, ಗ್ರೈಂಡರ್ ಹಚ್ಚಿದರೆ ಇನ್ವರ್ಟರ್ ಟ್ರಿಪ್ ಆಗುತ್ತದೆ. ಒಂದು ಎಚ್‌ಪಿ ನೀರಿನ ಮೋಟರ್ ಓಡುವಾಗ 750 ವ್ಯಾಟಿಗಿಂತ ಜಾಸ್ತಿ, ಶುರುವಾಗುವ ಕ್ಷಣದಲ್ಲಿ ಅದರ ಎಷ್ಟೋ ಪಟ್ಟು ಎಳೆಯುತ್ತದೆ. ಇವಕ್ಕೆಲ್ಲ ಕಂಬದ ಕರೆಂಟೇ ಬೇಕು, ಇಲ್ಲವೇ ಜನರೇಟರ್. ಮೊಬೈಲ್ ಚಾರ್ಜ್ ಮಾಡಬಹುದು, ಚಿಂತೆ ಇಲ್ಲ.

"ಸರ್ಕಾರ ದುಡ್ಡು ಕೊಡುತ್ತಂತಲ್ಲಾ?" ಪಿಎಂ ಸೂರ್ಯಘರ್ ಅಂತ 2024ರಲ್ಲಿ ಶುರುವಾದ ಯೋಜನೆಯಲ್ಲಿ 3 ಕಿಲೋವ್ಯಾಟಿಗೆ 78,000 ರೂಪಾಯಿ ಸಬ್ಸಿಡಿ ಇರುವುದು ಮನೆಗಳಿಗೆ. ಪಂಚಾಯಿತಿ ಭವನಕ್ಕೂ ಅದೇ ಸಿಗುತ್ತದೆ ಅಂದುಕೊಂಡು ಲೆಕ್ಕ ಹಾಕಬಾರದು. ಭವನಕ್ಕೆ ಪಂಚಾಯಿತಿಯ ಅನುದಾನ, ದಾನಿಗಳು, ಕಂಪನಿಗಳ ಸಿಎಸ್ಆರ್ ಹಣ, ಇಂಥ ದಾರಿ ಹುಡುಕಬೇಕು.

"ಮುಟ್ಟಿದರೆ ಶಾಕ್ ಹೊಡೆಯುತ್ತಾ?" ಅಂಗಳದಲ್ಲಿ ಹಿಡಿದ ಪುಟ್ಟ ಪ್ಯಾನಲ್ ಹೊಡೆಯುವುದಿಲ್ಲ. ಚಾವಣಿಯ ಮೇಲೆ ಸಾಲಾಗಿ ಜೋಡಿಸಿದ ಪ್ಯಾನಲ್ಲುಗಳ ತಂತಿಯಲ್ಲಿ ನೂರಾರು ವೋಲ್ಟ್ ಇರಬಹುದು, ಮತ್ತೆ ಅದಕ್ಕೆ ಸೂರ್ಯನೇ ಸ್ವಿಚ್ಚು. ಹಗಲಲ್ಲಿ ಪ್ಯಾನಲ್ಲನ್ನೇ ಆಫ್ ಮಾಡಲು ಆಗುವುದಿಲ್ಲ. ಬ್ಯಾಟರಿಯ ಒಳಗೆ ಆಸಿಡ್ ಇದೆ, ಎರಡು ತುದಿಗೆ ಒಂದೇ ಸ್ಪ್ಯಾನರ್ ತಾಗಿದರೆ ಬೆಂಕಿ ಹಾರುತ್ತದೆ. ಇವೆರಡನ್ನೂ ಮಕ್ಕಳು ಮುಟ್ಟುವಂತಿಲ್ಲ.

ಮಕ್ಕಳಿಗೆ ಒಪ್ಪಿಸಬಹುದಾದ ಕೆಲಸ

ಭವನದಲ್ಲಿ ಒಂದು ರಿಜಿಸ್ಟರ್ ಇಟ್ಟು, ಸಂಜೆ ಬಿಸಿಲು ಇಳಿದ ಮೇಲೆ, ಲೈಟು ಹಾಕುವ ಮುಂಚೆ, ಪ್ಯಾನಲ್ಲಿನಿಂದ ಬ್ಯಾಟರಿ ಚಾರ್ಜ್ ಆಗುವುದನ್ನು ನೋಡಿಕೊಳ್ಳುವ ಚಾರ್ಜ್ ಕಂಟ್ರೋಲರಿನ ಪರದೆಯಲ್ಲಿ ಕಾಣುವ ಬ್ಯಾಟರಿ ವೋಲ್ಟೇಜ್ ಬರೆಯಲು ಹೇಳಿ. ಕಂಬದ ಕರೆಂಟಿನಿಂದ ಚಾರ್ಜ್ ಆಗದಿರುವ ಹೊತ್ತು ನೋಡಿ ಬರೆಯಬೇಕು. 24 ವೋಲ್ಟಿನ ಜೋಡಿಯಲ್ಲಿ 25.4 ಸುಮಾರು ಇದ್ದರೆ ತುಂಬಿದೆ, 24.4ಕ್ಕೆ ಬಂದರೆ ಅರ್ಧ. ಒಳ್ಳೆಯ ಬಿಸಿಲಿದ್ದೂ ಮೂರು ನಾಲ್ಕು ದಿನ ಸಂಜೆ 25ರ ಕೆಳಗೇ ಇದ್ದರೆ ಎಲ್ಲೋ ತೊಂದರೆ ಇದೆ. ಮೊದಲು ಪ್ಯಾನಲ್ಲಿನ ಧೂಳು ನೋಡಿಸಬೇಕು, ಆಮೇಲೆ ಹೊಸದಾಗಿ ಬೆಳೆದ ಕೊಂಬೆಯ ನೆರಳು, ಆಮೇಲೆ ಸಡಿಲವಾದ ತಂತಿ. ಸಂಜೆ ತುಂಬಿದಂತೆ ಕಂಡು, ಲೈಟು ಹಾಕಿದ ಒಂದು ಗಂಟೆಗೆ ಕುಸಿದರೆ ಬ್ಯಾಟರಿಯೇ ಮುದಿಯಾಗಿದೆ, ಇಲ್ಲವೇ ಡಿಸ್ಟಿಲ್ಡ್ ವಾಟರ್ ಹಾಕಿಲ್ಲ.

ಪ್ಯಾನಲ್ ತೊಳೆಯುವುದು ದೊಡ್ಡವರ ಕೆಲಸ. ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ, ಬೆಳಿಗ್ಗೆ ಗಾಜು ತಣ್ಣಗಿರುವಾಗ, ಬರೀ ನೀರು ಮತ್ತು ಮೆತ್ತನೆ ಬಟ್ಟೆ. ಕಾದ ಗಾಜಿಗೆ ತಣ್ಣೀರು ಸುರಿಯಬಾರದು, ಸೋಪಿನ ಪುಡಿ ಹಾಕಿ ಉಜ್ಜಬಾರದು. ಬೋರ್‌ವೆಲ್ ನೀರು ಗಡುಸಾಗಿದ್ದರೆ ಬಿಳಿ ಕಲೆ ಕೂರುತ್ತದೆ, ಒಣಗುವ ಮುಂಚೆ ಒರೆಸಬೇಕು. ಪ್ಯಾನಲ್ ಮೇಲೆ ಯಾರೂ ಕಾಲಿಡಬಾರದು. ಗಾಜು ಒಡೆಯದಿದ್ದರೂ ಒಳಗಿನ ಸೆಲ್ ಬಿರುಕು ಬಿಡುತ್ತದೆ.

ಕೊನೆಗೆ ಒಂದು ಹಾಳೆ

ಬೋರ್ಡಿನ ಮೇಲಿರುವುದನ್ನು ಅಳಿಸುವ ಮುಂಚೆ ಒಂದು ಹಾಳೆಗೆ ಇಳಿಸಿಸಿ. ಗ್ರಾಮ ಪಂಚಾಯಿತಿಗಳಲ್ಲಿ ನಡೆಯುವ ಮಕ್ಕಳ ಗ್ರಾಮಸಭೆಯಲ್ಲಿ ಅಧ್ಯಕ್ಷರ ಮತ್ತು ಪಿಡಿಒ ಅವರ ಮುಂದೆ ಆ ಹಾಳೆಯನ್ನು ಇಡಬಹುದು. "ನಮ್ಮ ಭವನಕ್ಕೆ ಸೋಲಾರ್ ಬೇಕು" ಅಂತಷ್ಟೇ ಬರೆದರೆ ಅದು ಫೈಲಿಗೆ ಸೇರುತ್ತದೆ. ಹಾಳೆಯಲ್ಲಿ ಇರಬೇಕಾದದ್ದು ಇಷ್ಟು: ಭವನದ ಲೈಟು, ಫ್ಯಾನುಗಳ ಪಟ್ಟಿ, ಈಗಿನ 1930 ಮತ್ತು ಫ್ಯಾನ್ ಬದಲಿಸಿದರೆ 1120, ಒಂದು ವಾರ ಸಂಜೆ ಕರೆಂಟ್ ಹೋದ ಹೊತ್ತು, 4 ಪ್ಯಾನಲ್ ಮತ್ತು 2 ಬ್ಯಾಟರಿಯ ಲೆಕ್ಕ, ಚಾವಣಿಯ ಮೇಲೆ ನೆರಳು ಬೀಳದ ಜಾಗದ ಒಂದು ಚಿತ್ರ. ಕೆಳಗೆ ಮೂರು ಕೋರಿಕೆ: ಮೊದಲು ಆರು ಫ್ಯಾನ್ ಬದಲಿಸಿ, ಆಮೇಲೆ ಮೂರು ಕಡೆಯಿಂದ ಕೊಟೇಶನ್ ತರಿಸುವಾಗ ಪ್ಯಾನಲ್, ಬ್ಯಾಟರಿ, ಇನ್ವರ್ಟರ್, ಸ್ಟ್ಯಾಂಡ್, ಅರ್ಥಿಂಗ್ ಒಂದೊಂದರ ಬೆಲೆಯನ್ನೂ ಬೇರೆ ಬೇರೆ ಬರೆಸಿ, ಐದು ವರ್ಷದ ನಂತರ ಬ್ಯಾಟರಿ ಬದಲಿಸುವ ದುಡ್ಡನ್ನು ಭವನದ ಬಾಡಿಗೆಯಿಂದ ಈಗಲೇ ತೆಗೆದಿಡಿ.